ದೀಪ ಎಂಟು ಸಲ ಬಂದಿದೆ, ಆದರೂ ಕಥೆ ಪಾಠ ಹೇಳಿದ ಹಾಗಿದೆ: ಎಲ್ಲಿ ಕೈ ತಪ್ಪಿದೆ?

ಸೀಬೆಮರ

3,200 ಪದಗಳ ಕಥೆ, ಹೆಸರು ‘ಎರಡು ಒಲೆ’. ತಿಪಟೂರು ಕಡೆಯ ಒಂದು ತೆಂಗಿನ ತೋಟದ ಮನೆ. ಅಣ್ಣ ರಂಗನಾಥ, ತಮ್ಮ ಶ್ರೀಧರ ಪಾಲಾಗುತ್ತಾರೆ. ತೋಟ, ಗದ್ದೆ, ಪಾತ್ರೆಪಗಡ ಎಲ್ಲ ಹಂಚಿದ ಮೇಲೆ ತಾಯಿ ಶಾರದಮ್ಮ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂದು ತೀರ್ಮಾನವಾಗುತ್ತದೆ. ಎಲ್ಲವನ್ನೂ ಹಂಚುವವರು ಕೊನೆಗೆ ತಾಯಿಯನ್ನೂ ಹಂಚುವ ವಸ್ತುವಾಗಿಯೇ ನೋಡುತ್ತಾರೆ ಅನ್ನುವುದು ನಾನು ಹೇಳಬೇಕೆಂದಿರುವುದು.

ಇದನ್ನು ನೇರವಾಗಿ ಹೇಳಬಾರದು ಅಂತ ದೇವರ ಮನೆಯ ದೀಪವನ್ನು ಪ್ರತಿಮೆಯಾಗಿ ಇಟ್ಟೆ. ಎಂಟು ಕಡೆ ಬರುತ್ತದೆ. ಜಗಳದ ದೃಶ್ಯದಲ್ಲಿ ಹೀಗಿದೆ:

> ಅಣ್ಣತಮ್ಮಂದಿರ ಮಾತು ಏರುತ್ತಿದ್ದಂತೆ ದೇವರ ಮನೆಯ ದೀಪ, ಮನೆಯ ನೋವನ್ನು ಅರಿತಂತೆ, ಪಟಪಟನೆ ಹೊಡೆದುಕೊಂಡು ನಂದಿಹೋಯಿತು.

ಕೊನೆಯ ಸಾಲು:

> ಆಸ್ತಿಯನ್ನು ಹಂಚಬಹುದು, ತಾಯಿಯ ಪ್ರೀತಿಯನ್ನು ಹಂಚಲಾಗದು ಎಂಬ ಸತ್ಯ ರಂಗನಾಥನಿಗೆ ಅಂದು ಅರಿವಾಯಿತು.

ಓದಿದ ಮೂವರೂ ‘ಉಪದೇಶ ಜಾಸ್ತಿಯಾಯ್ತು’ ಅಂದರು. ಕೊನೆಯ ಸಾಲು ತೆಗೆದು ಕೊಟ್ಟೆ. ಆಗಲೂ ಅದೇ ಮಾತು. ಪ್ರತಿಮೆ ಇಟ್ಟ ಮೇಲೂ ಯಾಕೆ ಹೀಗೆ? ಇಡೀ ಕರಡನ್ನು ಕೆಳಗೆ ಜೋಡಿಸಿದ್ದೇನೆ.

ಅರ್ಧಕಾಫಿ

ಎಂಟು ಸಲ ಜಾಸ್ತಿ ಆಯ್ತು. ಮೂರಕ್ಕೆ ಇಳಿಸಿ. ಮೊದಲಲ್ಲಿ ಒಂದು, ನಡುವೆ ಒಂದು, ಕೊನೆಗೆ ಒಂದು. ಚೆಕಾವ್ ಹೇಳಿದ್ದಾರಲ್ಲ, ಗೋಡೆ ಮೇಲೆ ಬಂದೂಕು ತೋರಿಸಿದರೆ ಅದು ಮುಂದೆ ಸಿಡಿಯಲೇಬೇಕು ಅಂತ. ದೀಪ ಅಂತ ಇಟ್ಟ ಮೇಲೆ ಕೊನೆಗೆ ಅದರಿಂದ ಏನಾದರೂ ಆಗಬೇಕು.

ಕರಡು ತಿದ್ದುವವ

ಕಡಿಮೆ ಮಾಡಿ ಅನ್ನುವುದು ಸರಿ. ಬಂದೂಕಿನ ಮಾತು ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಬಂದೂಕು ಒಂದು ಸಾಲ, ಕೊನೆಗೆ ತೀರಿಸಲೇಬೇಕು. ಮತ್ತೆ ಮತ್ತೆ ಬರುವ ಪ್ರತಿಮೆಗೆ ಆ ಹಂಗಿಲ್ಲ. ಅದರಿಂದ ಕಥೆಯಲ್ಲಿ ಏನೂ ನಡೆಯದೇ ಹೋಗಬಹುದು. ಬಂದಾಗಲೆಲ್ಲ ಸ್ವಲ್ಪ ಬೇರೆಯಾಗಿ ಬಂದರೆ ಸಾಕು.

ಕರಡು ಪೂರ್ತಿ ಓದಿದೆ. ತೊಂದರೆ ಎಣಿಕೆಯದ್ದಲ್ಲ, ದೀಪದ್ದೇ. ಎರಡು ಕಾರಣ ಹೇಳುತ್ತೇನೆ.

ದೀಪ ನಿಮ್ಮ ಕಥೆಗೆ ಬರುವ ಮೊದಲೇ ಅರ್ಥ ಹೊತ್ತುಕೊಂಡು ಬಂದಿದೆ. ಉರಿದರೆ ಬದುಕು, ನಂದಿದರೆ ಸಾವು ಇಲ್ಲವೇ ಅಪಶಕುನ. ಓದುಗ ‘ದೀಪ’ ಅಂದ ತಕ್ಷಣ ಇದನ್ನೆಲ್ಲ ತಾನೇ ತುಂಬಿಕೊಳ್ಳುತ್ತಾನೆ. ನಿಮ್ಮ ಕಥೆಯಿಂದ ಅದಕ್ಕೆ ಹೊಸ ಅರ್ಥ ಹುಟ್ಟುವುದಕ್ಕೆ ಜಾಗವೇ ಉಳಿದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ನಿಮ್ಮ ದೀಪ ಪಾತ್ರಗಳ ಭಾವಕ್ಕೆ ತಾಳ ಹಾಕುತ್ತಿದೆ. ಜಗಳವಾದರೆ ನಂದುತ್ತದೆ, ಮೊಮ್ಮಗು ನಕ್ಕರೆ ಉರಿಯುತ್ತದೆ. ಎಣ್ಣೆ ಮುಗಿಯಿತೇ, ಕಿಟಕಿ ತೆರೆದಿತ್ತೇ? ಕರಡಿನಲ್ಲಿ ಒಂದು ಕಡೆಯೂ ಇಲ್ಲ. ಅಂದರೆ ಊದಿ ಆರಿಸಿದವರು ನೀವು. ಓದುಗನಿಗೆ ಸಿಟ್ಟು ಬರುವುದು ಅಲ್ಲಿ. ಕೊನೆಯ ಸಾಲು ಕಿತ್ತರೂ ಉಪದೇಶ ಹೋಗಲಿಲ್ಲ ಅಂದಿರಲ್ಲ, ಯಾಕೆಂದರೆ ಎಂಟೂ ಕಡೆ ಆ ಸಾಲೇ ವೇಷ ಬದಲಿಸಿ ಕೂತಿದೆ.

ಹಾಗಾದರೆ ಬೇರೆ ಏನು ಇಡಲಿ ಅಂತ ಯೋಚಿಸಲು ಹೋಗಬೇಡಿ. ಹೊಸದಾಗಿ ಏನನ್ನೂ ನೆಡಬೇಡಿ. ನಿಮ್ಮ ಕರಡಿನಲ್ಲಿ ಯಾರ ಕೈಯಲ್ಲಾದರೂ ಕೆಲಸ ಮಾಡುತ್ತಿರುವ ವಸ್ತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾನು ಬರೆದುಕೊಂಡಾಗ 22 ಸಿಕ್ಕವು. ಈಳಿಗೆ, ಕೊಬ್ಬರಿ ಗೂಡೆ, ಹಂಡೆ, ಶ್ರೀಧರನ ಹೆಲ್ಮೆಟ್ ಹೀಗೆ. ಅವುಗಳ ಮುಂದೆ ಒಂದೇ ಪ್ರಶ್ನೆ ಹಾಕಿ: ಈ ವಸ್ತು ಮಾಡುವ ಕೆಲಸಕ್ಕೂ ಕಥೆಯಲ್ಲಿ ಮನುಷ್ಯರು ಒಬ್ಬರಿಗೊಬ್ಬರು ಮಾಡುತ್ತಿರುವುದಕ್ಕೂ ನಂಟು ಇದೆಯೇ? ನಿಮ್ಮ ಎರಡನೇ ಪ್ಯಾರಾದಲ್ಲಿ ಶಾರದಮ್ಮ ಪಾವಿನಲ್ಲಿ ಅಕ್ಕಿ ಅಳೆಯುತ್ತಾಳೆ. ಒಂದೇ ಸಲ ಬಂದು ಹೋಗುತ್ತದೆ. ಇಡೀ ಕಥೆ ಅಳೆದು ಹಂಚುವುದರ ಬಗ್ಗೆ. ಪಾವು ಅಳೆಯುವ ವಸ್ತು. ಅದು ನಿಮ್ಮ ಕೈಗೆ ತಾನಾಗಿ ಬಂದಿದೆ, ನೀವು ನೋಡಿಲ್ಲ ಅಷ್ಟೆ.

ಸೀಬೆಮರ

ಪಾವು! ಅದನ್ನು ಸುಮ್ಮನೆ ಬರೆದಿದ್ದೆ.

ಕರಡು ತಿದ್ದುವವ

ಸುಮ್ಮನೆ ಬರೆದಿದ್ದಕ್ಕೇ ಅದು ಕೆಲಸಕ್ಕೆ ಬರುತ್ತದೆ.

ನಿವೃತ್ತ ಮೇಷ್ಟ್ರು

ಇದು ನಮ್ಮಲ್ಲಿ ಬಹಳ ಹಳೆಯ ಚರ್ಚೆ. ಶೃಂಗಾರ ಎಂಬ ಪದ ಬರೆದ ಮಾತ್ರಕ್ಕೆ ಓದುವವನಲ್ಲಿ ಶೃಂಗಾರ ಹುಟ್ಟುವುದಿಲ್ಲ ಎಂಬುದು ಆನಂದವರ್ಧನನ ವಾದದ ಬುಡದಲ್ಲೇ ಇದೆ. ಒಂಬತ್ತನೇ ಶತಮಾನದ ಮಾತು. ಆಮೇಲೆ ಮಮ್ಮಟ ರಸದೋಷಗಳನ್ನು ಪಟ್ಟಿ ಮಾಡುವಾಗ ಭಾವವನ್ನು ಅದರ ಹೆಸರಿನಿಂದಲೇ ಕರೆದುಬಿಡುವುದನ್ನೂ ಸೇರಿಸುತ್ತಾನೆ. ‘ತಾಯಿಯ ಪ್ರೀತಿ’ ಎಂದು ಬರೆದ ಕೂಡಲೇ ನೀವು ಆ ದೋಷದೊಳಗೆ ಬಿದ್ದಿರಿ. ಕನ್ನಡಕ್ಕೂ ಇದು ಹೊಸದಲ್ಲ, ಕವಿರಾಜಮಾರ್ಗದಲ್ಲೇ ಧ್ವನಿಯ, ಎಂದರೆ ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥದ, ಪ್ರಸ್ತಾಪ ಬರುತ್ತದೆ, ಅಲಂಕಾರಗಳ ಸಾಲಿನಲ್ಲಿ.

ಆದರೆ ಒಂದು ಎಚ್ಚರಿಕೆ. ಧ್ವನಿ ಇರಬೇಕಾದರೆ ವಾಚ್ಯಾರ್ಥ ಮೊದಲು ತನ್ನ ಕಾಲ ಮೇಲೆ ನಿಲ್ಲಬೇಕು. ಪಾವು ಮೊದಲು ಅಕ್ಕಿ ಅಳೆಯಲಿ. ಅನ್ನ ಆಗಲಿ. ಆಮೇಲೆ ಉಳಿದದ್ದು.

ರೀಲು ರಾಟೆ

ನನ್ನದೊಂದು 14 ನಿಮಿಷದ ಕಿರುಚಿತ್ರ ಇದೆ. ಅದರಲ್ಲಿ ಸೀಲಿಂಗ್ ಫ್ಯಾನ್ ಪ್ರತಿಮೆ. ಹೀರೋಗೆ ಟೆನ್ಷನ್ ಬಂದಾಗಲೆಲ್ಲ ಫ್ಯಾನಿನ ಕ್ಲೋಸಪ್. ಆರು ಕ್ಲೋಸಪ್ ಇವೆ. ಇದೂ ಉಪದೇಶವೇ?

ಕರಡು ತಿದ್ದುವವ

ಕ್ಲೋಸಪ್ ಅಂದರೆ ‘ಇದನ್ನು ನೋಡು’ ಅಂತ ಕೈ ಹಿಡಿದು ತೋರಿಸಿದ ಹಾಗೆ. ಬರವಣಿಗೆಯಲ್ಲೂ ಕ್ಲೋಸಪ್ ಇದೆ: ವಸ್ತುವಿಗೇ ಒಂದು ಸ್ವಂತ ವಾಕ್ಯ, ಅದಕ್ಕೇ ಕೊನೆಯ ಕ್ರಿಯಾಪದ, ಅದರಲ್ಲೇ ಪ್ಯಾರಾ ಮುಗಿತಾಯ. ನಿಮ್ಮ ಆರರಲ್ಲಿ ಐದನ್ನು ದೂರದ ಶಾಟ್ ಮಾಡಿ. ಫ್ಯಾನ್ ಮೂಲೆಯಲ್ಲಿ ತಿರುಗುತ್ತಿರಲಿ, ಜನ ಕೆಳಗೆ ಊಟ ಮಾಡುತ್ತಿರಲಿ. ಹೆಚ್ಚಿನದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಇಲ್ಲಿ ಕಥೆಯ ಮಾತಾಡೋಣ.

ಇದೇ ಮಾತನ್ನು ಕನ್ನಡದ ವಾಕ್ಯಕ್ಕೆ ತಂದು ನೋಡಿ. ನಮ್ಮ ವಾಕ್ಯದ ಭಾರವೆಲ್ಲ ಕೊನೆಯ ಕ್ರಿಯಾಪದದ ಮೇಲೆ ಬೀಳುತ್ತದೆ. ಅದಕ್ಕಿಂತ ಮೊದಲು ಬರುವ ಅಳೆದು, ತೊಳೆದು, ಬಸಿದು ಇವೆಲ್ಲ ಸರಸರ ಹರಿದುಹೋಗುತ್ತವೆ. ಕಣ್ಣು ಅಲ್ಲಿ ನಿಲ್ಲುವುದಿಲ್ಲ, ನೆನಪು ಮಾತ್ರ ಉಳಿಯುತ್ತದೆ. ಪ್ರತಿಮೆಯನ್ನು ಮೊದಲ ಸಲ ತರಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಿಮ್ಮ ಎರಡನೇ ಪ್ಯಾರಾ ಹೀಗಾಗಬಹುದು:

> ಶಾರದಮ್ಮ ಮೂರು ಪಾವು ಅಕ್ಕಿ ಅಳೆದು, ಮೇಲೊಂದು ಹಿಡಿ ಸೇರಿಸಿ, ತೊಳೆದ ನೀರನ್ನು ಕಲಗಚ್ಚಿನ ಬಾನಿಗೆ ಬಸಿದು, “ಗಿರಿಜಾ, ಹುರುಳಿಕಾಯಿ ಸೋಸಿದ್ದಾಯ್ತೇನೇ?” ಎಂದಳು.

ಓದುಗ ಹುರುಳಿಕಾಯಿಯ ಕಡೆ ಹೋದ. ಪಾವು, ಆ ಮೇಲಿನ ಹಿಡಿ, ಎರಡೂ ಅವನಿಗೆ ಗೊತ್ತಾಗದೆ ಒಳಗೆ ಹೋಗಿವೆ. ಅದನ್ನೇ ‘ಆ ಹಳೆಯ ಹಿತ್ತಾಳೆಯ ಪಾವು ಶಾರದಮ್ಮನ ಕೈಯಲ್ಲಿ ಹೊಳೆಯುತ್ತಿತ್ತು’ ಅಂತ ಬರೆದಿದ್ದರೆ ಅದು ಪ್ರತಿಮೆ ಅಂತ ಬೋರ್ಡು ಬರೆದು ನಿಲ್ಲಿಸಿದಂತೆ.

ಧಾರವಾಡದಾಕಿ

ಇದು ಛಲೋ ಹೇಳಿದ್ರಿ. ಆದ್ರ ನನಗೊಂದು ತಕರಾರು ಐತಿ. ಎಲ್ಲಾ ಕಥಿನೂ ಹಿಂಗ ಪಿಸುಗುಟ್ಟಬೇಕು ಅಂತ ಯಾರು ಹೇಳ್ಯಾರ? ವಚನಕಾರರು ನೇರಾನೇರ ಹೇಳಿದ್ರು, ಎಂಟುನೂರು ವರ್ಷ ದಾಟಿ ಉಳದಾವ. ಬಂಡಾಯದವರು ಪಿಸುಗುಟ್ಟಿದ್ರ ಯಾರಿಗೆ ಕೇಳಸ್ತಿತ್ತು? ‘ಉಪದೇಶ ಬ್ಯಾಡ’ ಅನ್ನೋದು ಹೊಟ್ಟಿ ತುಂಬಿದವ್ರ ರುಚಿ ಅಂತ ಒಮ್ಮೊಮ್ಮೆ ಅನಸ್ತದ.

ನಿವೃತ್ತ ಮೇಷ್ಟ್ರು

ತಾಯಿ, ಬಸವಣ್ಣನವರ ಆ ಪ್ರಸಿದ್ಧ ವಚನವನ್ನೇ ನೋಡಿ. ಮೊದಲು ಕಾಲು ಕಂಬ, ದೇಹ ದೇಗುಲ, ಶಿರ ಹೊನ್ನ ಕಳಶ. ಕಟ್ಟಡ ಪೂರ್ತಿ ಕಣ್ಣ ಮುಂದೆ ನಿಂತ ಮೇಲೆ ಕೊನೆಗೆ ಸ್ಥಾವರ-ಜಂಗಮದ ಮಾತು. ಚಿತ್ರ ದುಡಿದ ಮೇಲೆ ಮಾತಿಗೆ ಹಕ್ಕು ಬರುತ್ತದೆ.

ಧಾರವಾಡದಾಕಿ

ಅಂದ್ರ ಕೊನಿಗೆ ಮಾತು ಬಂತಲ್ಲರೀ ಮೇಷ್ಟ್ರ. ನಾ ಅದನ್ನ ಹೇಳಾಕತ್ತಿದ್ದು.

ಕರಡು ತಿದ್ದುವವ

ಒಪ್ಪುತ್ತೇನೆ. ವಚನದಲ್ಲಿ ಮಾತಾಡುವವರು ಯಾರು ಅಂತ ಗೊತ್ತು, ಅಂಕಿತವೇ ಇದೆ. ಒಬ್ಬ ಮನುಷ್ಯ ತನ್ನ ಹೆಸರಿನಲ್ಲಿ ತನ್ನ ದೇವರಿಗೆ ಹೇಳುತ್ತಿದ್ದಾನೆ. ‘ಎರಡು ಒಲೆ’ಯಲ್ಲಿ ಆ ಸತ್ಯ ‘ರಂಗನಾಥನಿಗೆ ಅರಿವಾಯಿತು’ ಅಂತಿದೆ. ಅವನಿಗೆ ಅರಿವಾದ ಲಕ್ಷಣ ಎಲ್ಲೂ ಇಲ್ಲ. ಲೇಖಕಿಯ ಮಾತನ್ನು ಅವನ ಬಾಯಿಗೆ ತುರುಕಿದ್ದು. ನೇರ ಮಾತಿನ ಬಗ್ಗೆ ನನ್ನ ತಕರಾರಿಲ್ಲ, ಕದ್ದು ಹೇಳಿಸುವುದರ ಬಗ್ಗೆ ಇದೆ.

ಸೀಬೆಮರ

ಎರಡು ವಾರ ಕೂತು ಎರಡನೇ ಕರಡು ಮಾಡಿದೆ. ದೀಪ ಪೂರ್ತಿ ಹೋಯಿತು. ಪಾವು ಒಂಬತ್ತು ಕಡೆ ಬಂದಿದೆ. ಜಗಳದ ದೃಶ್ಯದಲ್ಲಿ ಪಾವು ಶಾರದಮ್ಮನ ಕೈಜಾರಿ ಬಿದ್ದು ತಗ್ಗಾಗುತ್ತದೆ. ಪಾಲಿನ ದಿನ:

> ಮೂಲೆಯಲ್ಲಿ ಪಾವು, ಎಲ್ಲಕ್ಕೂ ಮೂಕಸಾಕ್ಷಿ ಎಂಬಂತೆ, ಬಾಯಿ ತೆರೆದು ಕುಳಿತಿತ್ತು.

ಈಗ ಹೇಗಿದೆ?

ಅರ್ಧಕಾಫಿ

ಮೂಕಸಾಕ್ಷಿ ಸಾಲು ಸೂಪರ್.

ಕರಡು ತಿದ್ದುವವ

ಆ ಸಾಲೇ ಮೊದಲು ಹೋಗಬೇಕು. ದೀಪ ಮಾಡುತ್ತಿದ್ದ ಕೆಲಸವನ್ನೇ ಈಗ ಪಾವಿನ ಕೈಯಲ್ಲಿ ಮಾಡಿಸುತ್ತಿದ್ದೀರಿ.

ಸಣ್ಣದೊಂದು ಕೆಲಸ ಹೇಳುತ್ತೇನೆ. ಕಡತ ತೆರೆದು ಹುಡುಕು ಖಾನೆಯಲ್ಲಿ ‘ಎಂಬಂತೆ’ ಅಂತ ಹಾಕಿ. ಆಮೇಲೆ ‘ಸಾಕ್ಷಿ’, ‘ಅರಿವಾ’, ‘ಹೇಳುವಂತಿ’, ‘ಏನನ್ನೋ’. ನಿಮ್ಮ ಎರಡನೇ ಕರಡಿನಲ್ಲಿ ಇವೆಲ್ಲ ಸೇರಿ 17 ಸಿಕ್ಕವು. ಕನ್ನಡದಲ್ಲಿ ಉಪದೇಶ ಸೋರುವ ತೂತು ಹೆಚ್ಚಾಗಿ ‘ಎಂಬಂತೆ’. ಅದು ಬಂದ ಕಡೆ ವಸ್ತು ತನ್ನ ಕೆಲಸ ಬಿಟ್ಟು ಲೇಖಕರ ಕೆಲಸಕ್ಕೆ ಸೇರಿರುತ್ತದೆ. ಎಲ್ಲ ‘ಎಂಬಂತೆ’ಯೂ ತಪ್ಪು ಅಂತಲ್ಲ. ‘ಬರುವುದಿಲ್ಲ ಎಂಬಂತೆ ತಲೆಯಾಡಿಸಿದ’ ಅನ್ನುವುದು ಬರೀ ಸನ್ನೆ, ಅದು ಇರಲಿ. ವಸ್ತುವಿಗೆ, ಮಳೆಗೆ, ಕಾಗೆಗೆ, ಮರಕ್ಕೆ ಅಂಟಿದವನ್ನು ಮಾತ್ರ ಕೀಳಿ.

ತಗ್ಗಾದ ವಿಷಯ. ಪಾವು ತಗ್ಗಾಗಬಾರದು ಅಂತಿಲ್ಲ. ಆದರೆ ಅಣ್ಣತಮ್ಮಂದಿರ ಜಗಳದ ಕ್ಷಣದಲ್ಲೇ ಬೀಳುವುದು ಹಳೆಯ ಸಿನಿಮಾದಲ್ಲಿ ಗುಡುಗು ಬಂದ ಹಾಗೆ. ಅದು ಎಂದೋ ತಗ್ಗಾಗಿರಲಿ, ಶ್ರೀಧರ ಚಿಕ್ಕವನಿದ್ದಾಗ ಅದರಿಂದ ಗೋಲಿ ಕುಟ್ಟಿದ್ದ ಅನ್ನಿ. ಆಗ ತಗ್ಗಿಗೆ ಒಂದು ಕಾರಣ ಸಿಕ್ಕಿತು, ಅಳತೆಯಲ್ಲೂ ಒಂದು ಚಿಟಿಕೆ ಕಡಿಮೆ ಬೀಳುತ್ತದೆ. ಅದಕ್ಕೇ ಶಾರದಮ್ಮ ಮೇಲೊಂದು ಹಿಡಿ ಹಾಕುತ್ತಾಳೆ ಅಂತ ಓದುಗ ಅಂದುಕೊಳ್ಳಬಹುದು. ಅಂದುಕೊಳ್ಳಲಿ ಬಿಡಿ, ಅದು ಅವನ ಪಾಲಿನದು.

ಒಂಬತ್ತನ್ನು ಐದಕ್ಕೆ ತನ್ನಿ. ಐದು ಅನ್ನುವುದು ಶಾಸ್ತ್ರವಲ್ಲ. 3,000 ಪದಗಳ ಕಥೆಯಲ್ಲಿ ಐದಕ್ಕಿಂತ ಹೆಚ್ಚಾದರೆ ಓದುಗ ಎಣಿಸಲು ಶುರು ಮಾಡುತ್ತಾನೆ ಅನ್ನುವ ಅಂದಾಜು. ಅಂತರ ಸಮನಾಗಿರಬಾರದು. ಮೊದಲ ಎರಡು ಹತ್ತಿರ ಇರಲಿ, ಸುಮಾರು 150ನೇ ಪದದಲ್ಲಿ ಒಂದು, 600ರ ಹೊತ್ತಿಗೆ ಇನ್ನೊಂದು. ಆಗ ನೆನಪಿನಲ್ಲಿ ಕೂರುತ್ತದೆ. ಆಮೇಲೆ ಒಂದು ದೊಡ್ಡ ಬಿಡುವು, ಓದುಗ ಮರೆಯುವಷ್ಟು. ಮರೆತ ಮೇಲೆ ಬಂದದ್ದೇ ‘ಅರೆ’ ಅನ್ನಿಸುವುದು.

ಪ್ರತಿ ಸಲ ಒಂದೇ ಒಂದು ಬದಲಾಗಲಿ. ಮೊದಲ ಸಲ ಪಾವು ಶಾರದಮ್ಮನ ಕೈಯಲ್ಲಿ, ಮೇಲೊಂದು ಹಿಡಿ. ಎರಡನೇ ಸಲ ಪಕ್ಕದ ಮನೆಯವಳು ಸಾಲದ ಅಕ್ಕಿ ವಾಪಸು ತರುತ್ತಾಳೆ, ಅಳೆದುಕೊಳ್ಳುವವಳು ಸೊಸೆ ಗಿರಿಜಾ. ಅತ್ತೆ ಕೊಟ್ಟದ್ದು ಗೋಪುರ ಬರುವಂತೆ ತುಂಬಿ, ಸೊಸೆಯೂ ಗೋಪುರ ಬರುವಂತೆಯೇ ಅಳೆದುಕೊಳ್ಳುತ್ತಾಳೆ. ನ್ಯಾಯವಾಗಿಯೇ ಇದ್ದಾಳೆ, ಗಮನಿಸಿ. ಅವಳನ್ನು ಕೆಟ್ಟವಳು ಮಾಡಬೇಡಿ, ಮಾಡಿದರೆ ಮತ್ತೆ ಪಾಠ ಶುರುವಾಗುತ್ತದೆ. ಮೂರನೆಯದು ಪಾಲಿನ ದಿನ. ಅಲ್ಲಿ ರಂಗನಾಥ ರಾಗಿ ಅಳೆಯುತ್ತಾನೆ, ಸೇರಿನಲ್ಲಿ, ತಲೆಯ ಮೇಲೆ ಕೋಲೆಳೆದು ಸವರಿ. ಹಂಡೆ, ಕೊಳದಪ್ಪಲೆ ಎಲ್ಲ ಹಂಚಿದ ಮೇಲೆ ಪಾವು ಯಾರ ಗುಂಪಿಗೂ ಸೇರದೆ ಉಳಿಯುತ್ತದೆ. ಒಂದೇ ಇದೆ, ಇಬ್ಬರಿಗೂ ಬೇಡ.

ಕಡಲ ತಡಿ

ಇಲ್ಲೊಂದು ಸಂಶಯ. ನಮ್ಮ ಊರಿನಲ್ಲಿ ಪಾವು ಎಂದು ಹೇಳುವುದಿಲ್ಲ, ಕುಡ್ತೆ ಎಂದೇ ಹೇಳುವುದು. ನನ್ನ ಮಗಳಿಗಂತೂ ಎರಡೂ ಗೊತ್ತಿಲ್ಲ, ಕೆಜಿ ಮಾತ್ರ ಗೊತ್ತು. ಇಂಥ ವಸ್ತು ಇಟ್ಟರೆ ಅರ್ಧ ಓದುಗರಿಗೆ ತಲುಪುವುದೇ ಇಲ್ಲವಲ್ಲ? ಒಂದು ಸಾಲು ವಿವರಣೆ ಕೊಡುವುದು ಒಳ್ಳೆಯದಲ್ಲವಾ?

ಸೀಬೆಮರ

ಇದೇ ನನಗೂ ಕಾಡುತ್ತಿದೆ. ಇನ್ನೊಂದು, ನಮ್ಮ ಕಡೆ ಕಾಳು ಅಳೆಯುವಾಗ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅಂತಲೇ ಶುರು. ಅದನ್ನೂ ತರಬೇಕು ಅನ್ನಿಸಿದೆ. ಅದನ್ನು ವಿವರಿಸದೆ ಹೇಗೆ?

ಕರಡು ತಿದ್ದುವವ

ಎಣಿಸಿ ಬಿಡಿ. ‘ಲಾಭ, ಎರಡು, ಮೂರು.’ ಎರಡಕ್ಕಿಂತ ಮೊದಲು ಬಂದದ್ದು ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪಾವೂ ಅಷ್ಟೇ. ಅದರಲ್ಲಿ ಅಕ್ಕಿ ತುಂಬುತ್ತಾರೆ, ಮೂರು ಹಾಕಿದರೆ ಒಂದು ಮನೆಯವರು ಉಣ್ಣುತ್ತಾರೆ. ನಾಲ್ಕು ಪಾವಿಗೆ ಒಂದು ಸೇರು ಅಂತ ಕೋಷ್ಟಕ ಕೊಡುವ ಅಗತ್ಯ ಕಥೆಗಿಲ್ಲ.

ಆ ‘ಲಾಭ’ವನ್ನು ಮಾತ್ರ ಎರಡನೇ ಜಾಗದಲ್ಲೇ, ಗಿರಿಜಳ ಬಾಯಲ್ಲಿ ತಂದುಬಿಡಿ. ಪಾಲಿನ ದಿನ ರಂಗನಾಥ ರಾಗಿ ಎಣಿಸುವಾಗ ಇನ್ನೊಮ್ಮೆ. ಅಲ್ಲಿ ಅದು ಬರೀ ರೂಢಿಯ ಮಾತು, ಆದರೂ ಅವನ ಬಾಯಲ್ಲಿ ಬೇರೆ ಕೇಳಿಸುತ್ತದೆ. ನೀವು ಏನೂ ಮಾಡಬೇಡಿ.

ನಿವೃತ್ತ ಮೇಷ್ಟ್ರು

‘ಸಂಸ್ಕಾರ’ದ ಇಲಿಗಳನ್ನು ನೆನಪಿಸಿಕೊಳ್ಳಿ. ಅಗ್ರಹಾರದಲ್ಲಿ ಇಲಿ ಸಾಯುತ್ತವೆ, ಮನೆಗಳ ಮೇಲೆ ರಣಹದ್ದು ಬಂದು ಕೂರುತ್ತವೆ. ಬ್ರಾಹ್ಮಣರು ಶಂಖ ಜಾಗಟೆ ಬಾರಿಸಿ ಹದ್ದು ಓಡಿಸುತ್ತಾರೆ. ಅವರ ಮಟ್ಟಿಗೆ ಅದು ನಾರಣಪ್ಪನ ಶವಸಂಸ್ಕಾರದ ಪ್ರಶ್ನೆಗೆ ಅಂಟಿದ ಅನಿಷ್ಟ. ಓದುಗ ಮಾತ್ರ ಪ್ಲೇಗು ಎಂದು ಅವರಿಗಿಂತ ಮೊದಲೇ ಗುರುತಿಸುತ್ತಾನೆ. ಇಲಿ ಇಲಿಯಾಗಿಯೇ ಸತ್ತಿತು, ಧರ್ಮ ಕೊಳೆತಿದೆ ಎಂದು ಅದರ ಮೇಲೆ ಬರೆದಿರಲಿಲ್ಲ.

ಕರಡು ತಿದ್ದುವವ

ಹೌದು ಮೇಷ್ಟ್ರೇ. ಇಲ್ಲಿ ಬರೆಯುವವರಿಗೆ ಬೇಕಾದ ತಂತ್ರ ಅದರಲ್ಲೇ ಇದೆ. ಪಾತ್ರಗಳು ಪ್ರತಿಮೆಯನ್ನು ನೋಡುತ್ತಾರೆ, ಅದರ ಜೊತೆ ಗುದ್ದಾಡುತ್ತಾರೆ, ಆದರೆ ಅದನ್ನು ತಪ್ಪಾಗಿ ಓದುತ್ತಾರೆ. ಓದುಗನಿಗೂ ಪಾತ್ರಕ್ಕೂ ನಡುವೆ ಉಳಿಯುವ ಆ ಬಿರುಕಿನಲ್ಲಿ ವಸ್ತು ಬೆಳೆಯುತ್ತದೆ. ರಂಗನಾಥನಿಗೆ ‘ಅರಿವಾದ’ರೆ ಬಿರುಕು ಮುಚ್ಚಿತು, ಓದುಗನಿಗೆ ಕೆಲಸ ಉಳಿಯಲಿಲ್ಲ.

ಸೀಬೆಮರ

ನಾಲ್ಕನೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಶಾರದಮ್ಮ ಶ್ರೀಧರನ ಮನೆಗೆ, ತುಮಕೂರಿಗೆ ಹೋಗುತ್ತಾಳೆ. ಅಲ್ಲಿಗೆ ಪಾವು ತಗೊಂಡು ಹೋಗುವುದು ಅಸಹಜ ಅನ್ನಿಸುತ್ತದೆ.

ಕರಡು ತಿದ್ದುವವ

ತಗೊಂಡು ಹೋಗುವುದು ಬೇಡ. ಅಲ್ಲಿ ಪಾವು ಇಲ್ಲದಿರುವುದೇ ನಾಲ್ಕನೇ ಸಲ. ಕಿರಿಸೊಸೆಯ ಅಡುಗೆಮನೆಯಲ್ಲಿ ಅಕ್ಕಿ ಅಳೆಯಲು ಏನಿದೆ?

ಸೀಬೆಮರ

ರೈಸ್ ಕುಕ್ಕರ್ ಜೊತೆ ಬರುತ್ತಲ್ಲ, ಗೆರೆ ಹಾಕಿದ ಪ್ಲಾಸ್ಟಿಕ್ ಲೋಟ.

ಕರಡು ತಿದ್ದುವವ

ಮುಗೀತಲ್ಲ. ಬರೆದು ಹಾಕಿ.

ಸೀಬೆಮರ

> ಶೋಭಾ ಪ್ಲಾಸ್ಟಿಕ್ ಲೋಟದಲ್ಲಿ ಎರಡು ಅಳತೆ ಹಾಕಿ ಡಬ್ಬಿ ಮುಚ್ಚುವಷ್ಟರಲ್ಲಿ ಶಾರದಮ್ಮ ಕೈ ಹಾಕಿ ಒಂದು ಹಿಡಿ ತೆಗೆದಳು. “ಬೇಡ ಅತ್ತೆ,” ಎಂದಳು ಶೋಭಾ, “ನೀರಿನ ಲೆಕ್ಕ ತಪ್ಪುತ್ತೆ.” ಶಾರದಮ್ಮ ಅಕ್ಕಿಯನ್ನು ಡಬ್ಬಿಗೆ ಬಿಟ್ಟು, ಅಂಗೈಗೆ ಅಂಟಿದ್ದ ನಾಲ್ಕು ಕಾಳನ್ನೂ ಉದುರಿಸಿದಳು.

ಧಾರವಾಡದಾಕಿ

ಯವ್ವಾ. ಇದು ಹೊಟ್ಟ್ಯಾಗ ಕಲಸ್ತು ನೋಡ್ರಿ. ಆಕಿ ಹೇಳಿದ್ದು ಖರೇನ ಐತಲ್ಲ, ಕುಕ್ಕರಿನ್ಯಾಗ ಹೆಚ್ಚಿಗಿ ಹಾಕಿದ್ರ ಅನ್ನ ಬಿರುಸಾಗತೈತಿ. ಯಾರನ್ನ ಬೈಯೋದು?

ರೀಲು ರಾಟೆ

ಈ ಶಾಟ್ ನಾನು ತೆಗೆದರೆ ನಾಲ್ಕು ಕಾಳಿಗೆ ಕ್ಲೋಸಪ್ ಇಡ್ತಿದ್ದೆ. ಇಡಬಾರದು, ಅಲ್ವಾ?

ಕರಡು ತಿದ್ದುವವ

ಇಟ್ಟರೆ ಇಲ್ಲಿ ಒಂದೇ ಇಡಬಹುದು.

ಸೀಬೆಮರ, ಈ ಪ್ಯಾರಾದ ಕೊನೆಯಲ್ಲಿ ನಿಮ್ಮ ಕೈ ಇನ್ನೊಂದು ವಾಕ್ಯಕ್ಕೆ ಹೋಗುತ್ತದೆ. ‘ಈ ಮನೆಯಲ್ಲಿ ಎಲ್ಲಕ್ಕೂ ಲೆಕ್ಕ’ ಅಂತಲೋ, ‘ಅವಳಿಗೆ ಊರಿನ ಪಾವು ನೆನಪಾಯಿತು’ ಅಂತಲೋ. ಬರೆಯಬೇಡಿ. ‘ನೆನಪಾಯಿತು’ ಬರೆದರೆ ಓದುಗನಿಗೆ ನೆನಪಾಗುವ ಅವಕಾಶ ನೀವೇ ಕಿತ್ತುಕೊಂಡಂತೆ. ಮೇಲೊಂದು ಹಿಡಿ ಮೊದಲ ಪುಟದಲ್ಲಿ ಹೋಗಿದೆ, ಅದು ಅವನ ಹತ್ತಿರ ಇದೆ.

ಅರ್ಧಕಾಫಿ

ಓದುಗನಿಗೆ ನೆನಪಾಗದೇ ಹೋದರೆ? ಮೊಬೈಲಲ್ಲಿ ಬಸ್ಸಲ್ಲಿ ಓದುವವರು. ಆ ಮೊದಲ ಪುಟದ ಹಿಡಿ ಅಕ್ಕಿ ಯಾರಿಗೆ ನೆನಪಿರುತ್ತೆ? ನೀವು ಹೇಳೋ ಓದುಗ ಎಲ್ಲಿದ್ದಾನೆ ಅಂತಾನೇ ನನಗೆ ಡೌಟು.

ಕರಡು ತಿದ್ದುವವ

ಇದು ಸರಿಯಾದ ಪ್ರಶ್ನೆ. ನೆನಪಾಗದವನಿಗೂ ಆ ಪ್ಯಾರಾ ಒಂದು ಪೂರ್ತಿ ದೃಶ್ಯವಾಗಿ ನಿಲ್ಲಬೇಕು: ಅತ್ತೆ ಕೈ ಹಾಕಿದಳು, ಸೊಸೆ ಬೇಡ ಅಂದಳು. ನಿಂತಿದೆ. ನೆನಪಾದವನಿಗೆ ಇನ್ನೊಂದಿಷ್ಟು ಸಿಗುತ್ತದೆ. ಪ್ರತಿಮೆ ಗೊತ್ತಾಗದಿದ್ದರೆ ಕಥೆಯೇ ಅರ್ಥವಾಗುವುದಿಲ್ಲ ಅನ್ನುವ ಹಾಗೆ ಕಟ್ಟಿದ್ದರೆ ಅದು ಒಗಟು.

ಪರೀಕ್ಷೆ ಮಾಡುವುದಾದರೆ ಓದಿದವರಿಗೆ ‘ಪಾವಿನ ಅರ್ಥ ಏನು’ ಅಂತ ಕೇಳಬೇಡಿ. ಕೇಳಿದ ಕೂಡಲೇ ಪರೀಕ್ಷೆಗೆ ಕೂತವರಂತೆ ಉತ್ತರ ಹೊಸೆಯುತ್ತಾರೆ. ಎರಡು ದಿನ ಬಿಟ್ಟು ‘ಕಥೆಯಲ್ಲಿ ಏನೇನು ನೆನಪಿದೆ’ ಅಂತ ಕೇಳಿ. ಅಕ್ಕಿ, ಅಳತೆ, ಕೈ ಇವುಗಳಲ್ಲಿ ಒಂದಾದರೂ ತಾನಾಗಿ ಬಂದರೆ ಸಾಕು. ‘ಪಾವು ತಾಯಿಯ ಪ್ರೀತಿಯ ಸಂಕೇತ’ ಅಂತ ಮೂವರಲ್ಲಿ ಮೂವರೂ ಒಂದೇ ಮಾತಲ್ಲಿ ಹೇಳಿದರೆ ಎಲ್ಲೋ ಹೆಚ್ಚಾಗಿದೆ, ಹುಡುಕಿ ತೆಗೆಯಿರಿ. ಇನ್ನೊಂದು, ಐದು ಜಾಗದ ಐದು ವಾಕ್ಯಗಳನ್ನು ಮಾತ್ರ ಬೇರೆ ಹಾಳೆಗೆ ಬರೆದು ಓದಿ ನೋಡಿ. ಅವೇ ಒಂದು ಗಾದೆಯ ಹಾಗೆ ಕೇಳಿಸಿದರೂ ಹೆಚ್ಚಾಗಿದೆ ಅಂತಲೇ.

ಸೀಬೆಮರ

ಕೊನೆಯದು. ಆರು ತಿಂಗಳು ಮುಗಿದು ಶಾರದಮ್ಮ ಊರಿಗೆ ಬರುತ್ತಾಳೆ. ರಂಗನಾಥನ ಮನೆಯೊಳಗೆ ಹೋಗದೆ ಹಿತ್ತಲಿನ ಕೊಬ್ಬರಿ ಕೋಣೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಾಳೆ. ಪಾವು ಅಲ್ಲೇ ಅಟ್ಟದ ಮೇಲೆ ಸಿಗುತ್ತದೆ.

> ಪಾವಿನ ತುಂಬ ಅಕ್ಕಿ ತುಂಬಿ ಬೆರಳಿನಿಂದ ಸವರಿದಳು. “ಲಾಭ,” ಎಂದಳು. ಎರಡನೆಯದಕ್ಕೆ ಕೈ ಹೋಗಲಿಲ್ಲ.

ಇಲ್ಲಿಗೆ ಮುಗಿಯುತ್ತದೆ. ರಂಗನಾಥನ ಅರಿವು, ಮೊಮ್ಮಗು ಎಲ್ಲ ಕಿತ್ತು ಹಾಕಿದೆ.

ನಿವೃತ್ತ ಮೇಷ್ಟ್ರು

ಚೆನ್ನಾಗಿದೆಯಮ್ಮ. ಎರಡು ಒಲೆ ಎಂದು ಹೆಸರಿಟ್ಟು ಮೂರನೆಯದನ್ನು ಹಚ್ಚಿಸಿದ್ದು ಇನ್ನೂ ಚೆನ್ನಾಗಿದೆ.

ಕಡಲ ತಡಿ

ಒಬ್ಬ ಮುದುಕಿಗೆ ಒಂದು ಪಾವು ಅಕ್ಕಿಯ ಅನ್ನ ಬೇಕಾ? ಅರ್ಧ ಸಾಕಲ್ಲ. ಹಾಗೆ ನೋಡಿದರೆ ಈ ಕೊನೆಯಲ್ಲಿ ಅವಳು ಅನ್ನ ಮಾಡುತ್ತಿಲ್ಲ, ನಮಗೋಸ್ಕರ ಅಳೆಯುತ್ತಿದ್ದಾಳೆ.

ಕರಡು ತಿದ್ದುವವ

ನಾನು ಹೇಳಬೇಕೆಂದಿದ್ದು ಇದನ್ನೇ, ನೀವು ಇನ್ನೂ ಚೆನ್ನಾಗಿ ಹೇಳಿದಿರಿ. ‘ಎರಡನೆಯದಕ್ಕೆ ಕೈ ಹೋಗಲಿಲ್ಲ’ ಅನ್ನುವುದು ನಡೆಯದೇ ಇದ್ದದ್ದರ ವರದಿ. ಅದನ್ನು ನೋಡಿದವರು ಯಾರು? ಲೇಖಕಿ. ಅದರ ಬದಲು ಅವಳಿಗೆ ಬೇಕಾದಷ್ಟನ್ನೇ ಮಾಡಿಸಿ:

> ಪಾವಿನ ತುಂಬ ಅಕ್ಕಿ ತುಂಬಿ, “ಲಾಭ,” ಎಂದು, ಅರ್ಧವನ್ನು ಡಬ್ಬಿಗೆ ಸುರಿದು, ಉಳಿದದ್ದನ್ನು ತೊಳೆಯಲು ಹಿತ್ತಲಿಗೆ ಹೋದಳು.

ಇಲ್ಲಿ ‘ಲಾಭ’ ಮತ್ತೆ ನಡುವಿನಲ್ಲಿ ಸೇರಿಹೋಯಿತು. ಕೊನೆಯ ಕ್ರಿಯಾಪದ ‘ಹೋದಳು’. ನೀರು ಎಲ್ಲಿದೆಯೋ ಅಲ್ಲಿಗೆ ಹೋದಳು, ಅಷ್ಟೆ. ಅಂದಹಾಗೆ ಕಲಗಚ್ಚಿನ ಬಾನಿ ಪಾಲಿನಲ್ಲಿ ಯಾರಿಗೆ ಹೋಯಿತು ಅನ್ನುವುದನ್ನು ಒಮ್ಮೆ ನೋಡಿಕೊಳ್ಳಿ. ತೊಳೆದ ನೀರನ್ನು ಅವಳು ಎಲ್ಲಿ ಚೆಲ್ಲುತ್ತಾಳೆ ಅನ್ನುವುದು ನಿಮಗಾದರೂ ಗೊತ್ತಿರಬೇಕು.

ಧಾರವಾಡದಾಕಿ

ನಾ ಒಪ್ಪಂಗಿಲ್ಲ. ‘ಲಾಭ’ ಅನ್ನೋದನ್ನ ತಗದ ಬಿಡ್ರಿ. ಆಸ್ತಿ ಪಾಲಾದ ಕಥಿ ಕೊನಿಗೆ ಒಬ್ಬಾಕಿ ಮುದುಕಿ ‘ಲಾಭ’ ಅಂದ್ರ ಅದು ಹಾಳ್ಯಾಗಿಂದ ಎದ್ದು ಕಣ್ಣಿಗೆ ಹೊಡಿತೈತಿ. ನಡುವ ಮುಚ್ಚಿಟ್ರೂ ಮುಚ್ಚಂಗಿಲ್ಲ. ನೀವು ದೀಪ ಬ್ಯಾಡ ಅಂದ ಕಾರಣಾನ ಇದಕ್ಕೂ ಐತಿ. ಆಕಿ ಸುಮ್ನ ಅರ್ಧ ಸುರದ್ರ ಸಾಕು.

ಕರಡು ತಿದ್ದುವವ

ದೀಪ ನಂದಿದ್ದಕ್ಕೆ ಕಾರಣ ಇರಲಿಲ್ಲ. ‘ಲಾಭ’ಕ್ಕೆ ಇದೆ, ಅವಳು ಇಡೀ ಜನ್ಮ ಹಾಗೇ ಎಣಿಸಿದ್ದಾಳೆ. ಆದರೂ ನಿಮ್ಮ ಮಾತನ್ನು ತಳ್ಳಿಹಾಕಲು ನನಗೆ ಧೈರ್ಯ ಸಾಲುತ್ತಿಲ್ಲ. ಶ್ಲೇಷೆ ಶ್ಲೇಷೆಯೇ.

ನಿವೃತ್ತ ಮೇಷ್ಟ್ರು

ಇರಲಿ ಎನ್ನುತ್ತೇನೆ ನಾನು. ಶ್ಲೇಷೆ ಭಾಷೆ ಮಾಡಿದ್ದು, ಲೇಖಕಿ ಮಾಡಿದ್ದಲ್ಲ.

ಅರ್ಧಕಾಫಿ

ಹೆಸರನ್ನೇ ‘ಲಾಭ’ ಅಂತ ಇಟ್ಟುಬಿಡಿ?

ಸೀಬೆಮರ

ಅಯ್ಯೋ ಬೇಡ. ಹೆಸರಿಟ್ಟರೆ ಮೊದಲ ಸಲ ಗಿರಿಜಾ ಎಣಿಸುವಾಗಲೇ ಎಲ್ಲರೂ ಕಿವಿ ನಿಮಿರಿಸುತ್ತಾರೆ.

ಸದ್ಯಕ್ಕೆ ಎರಡು ಪ್ರತಿ ಮಾಡಿಟ್ಟಿದ್ದೇನೆ, ಒಂದರಲ್ಲಿ ‘ಲಾಭ’ ಇದೆ, ಒಂದರಲ್ಲಿ ಇಲ್ಲ. ಕಥೆ ಈಗ 2,740 ಪದ. ಬೇರೆ ಬೇರೆ ಮೂವರಿಗೆ ಒಂದೊಂದು ಪ್ರತಿ ಕೊಟ್ಟು, ಎರಡು ದಿನ ಬಿಟ್ಟು ಏನು ನೆನಪಿದೆ ಅಂತ ಕೇಳುತ್ತೇನೆ. ಬಾನಿ ವಿಷಯ ನೋಡಿದೆ. ಪಾಲಿನ ಪಟ್ಟಿಯಲ್ಲಿ ಅದನ್ನು ಬರೆಯುವುದೇ ಮರೆತಿದ್ದೇನೆ, ಎಮ್ಮೆಯನ್ನೂ.

ಕಡಲ ತಡಿ

ಎಮ್ಮೆಯನ್ನು ಮಾರಿಯಾಯ್ತಾ, ಪಾಲು ಮಾಡಿಯಾಯ್ತಾ? ಎಮ್ಮೆ ಇಲ್ಲದಿದ್ದರೆ ಕಲಗಚ್ಚು ಯಾರಿಗೆ?